ವಿಷಯದ ಸಾಲು ಬದಲಿಸಬೇಕಾ, ಹೊಸ ಮೇಲ್ ಶುರು ಮಾಡಬೇಕಾ?

ಒಂದು ಥ್ರೆಡ್, ಅಂದರೆ ರಿಪ್ಲೈ ಮೇಲೆ ರಿಪ್ಲೈ ಆಗಿ ಬೆಳೆದ ಮೇಲ್‌ಗಳ ಸರಣಿ, ಇದೆ ಅಂದುಕೊಳ್ಳಿ. ವಿಷಯದ ಸಾಲಿನಲ್ಲಿ "ತರಬೇತಿ: ದಿನಾಂಕ ಯಾವುದು?" ಅಂತಿದೆ. ದಿನಾಂಕ ನಿರ್ಧಾರವಾಗಿ ವಾರವಾಗಿದೆ. ಆದರೆ ಅದೇ ಸಾಲಿನಡಿ ಈಗ ಕೊಠಡಿಯ ಮಾತು ನಡೆಯುತ್ತಿದೆ, ತರಬೇತುದಾರರ ಶುಲ್ಕದ ಮಾತು ನಡೆಯುತ್ತಿದೆ, ನಡುವೆ ಯಾರೋ ಮುಂದಿನ ವರದಿಯ ಬಗ್ಗೆಯೂ ಕೇಳಿದ್ದಾರೆ. ಶುಲ್ಕ ಪಾವತಿಸಬೇಕಾದವರು ಈ ಥ್ರೆಡ್‌ನಲ್ಲೇ ಇಲ್ಲ, ಅವರಿಗೆ ಇದ್ಯಾವುದೂ ಗೊತ್ತಿಲ್ಲ. ಯಾರದ್ದೂ ತಪ್ಪಲ್ಲ. ಎಲ್ಲರೂ ರಿಪ್ಲೈ ಒತ್ತಿದರು, ಅಷ್ಟೇ.

ಇಂಥ ಹೊತ್ತಿನಲ್ಲಿ ನಿಮ್ಮ ಮುಂದೆ ಮೂರು ದಾರಿ ಇವೆ. ಹಳೆ ಸಾಲನ್ನೇ ಇಟ್ಟುಕೊಂಡು ರಿಪ್ಲೈ ಮಾಡುವುದು ಒಂದು. ರಿಪ್ಲೈ ಮಾಡುತ್ತಲೇ ವಿಷಯದ ಸಾಲು ಬದಲಿಸುವುದು ಇನ್ನೊಂದು. ಖಾಲಿ ಮೇಲ್ ತೆರೆದು ಹೊಸದಾಗಿ ಬರೆಯುವುದು ಮೂರನೆಯದು. ಎರಡನೆಯದೂ ಮೂರನೆಯದೂ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ಆದರೆ ಓದುವವರ ಇನ್‌ಬಾಕ್ಸ್‌ನಲ್ಲಿ ಅವು ಬೇರೆ ಬೇರೆ ಕೆಲಸ ಮಾಡುತ್ತವೆ. ಆ ವ್ಯತ್ಯಾಸ ಗೊತ್ತಿದ್ದರೆ ಮುಕ್ಕಾಲು ಪಾಲು ನಿರ್ಧಾರ ಆಗಿಹೋಗುತ್ತದೆ. ಹಾಗಾಗಿ ಮೊದಲು ಅದನ್ನೇ ನೋಡೋಣ.

ಮೇಲ್‌ಗಳು ಒಂದಕ್ಕೊಂದು ಹೇಗೆ ಅಂಟಿಕೊಳ್ಳುತ್ತವೆ

ಪ್ರತಿ ಮೇಲ್‌ಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದು ನಮಗೆ ಕಾಣುವುದಿಲ್ಲ. ನೀವು ರಿಪ್ಲೈ ಒತ್ತಿದಾಗ, ಯಾವ ಮೇಲ್‌ಗೆ ಉತ್ತರ ಕೊಡುತ್ತಿದ್ದೀರೋ ಅದರ ಗುರುತೂ ಅದಕ್ಕಿಂತ ಹಿಂದಿನ ಮೇಲ್‌ಗಳ ಗುರುತುಗಳೂ ನಿಮ್ಮ ಹೊಸ ಮೇಲ್‌ನ ತಲೆಭಾಗದಲ್ಲಿ ಸೇರಿಕೊಳ್ಳುತ್ತವೆ. ನೋಡಲು ಹೀಗಿರುತ್ತದೆ:

```
Subject: 18ರ ತರಬೇತಿ: ಕೊಠಡಿ ಯಾವುದು?
Message-ID: <c3@example.com>
In-Reply-To: <b2@example.com>
References: <a1@example.com> <b2@example.com>
```

ಇಲ್ಲಿ ವಿಷಯದ ಸಾಲು ಹೊಸದು. ಆದರೂ `In-Reply-To` ಮತ್ತು `References` ಎಂಬ ಸಾಲುಗಳು "ನಾನು ಹಳೆ ಥ್ರೆಡ್‌ನವನು" ಎಂದು ಹೇಳುತ್ತಲೇ ಇವೆ. ವಿಷಯದ ಸಾಲನ್ನು ಎಷ್ಟೇ ಅಳಿಸಿ ಬರೆದರೂ ಇವು ಅಳಿಯುವುದಿಲ್ಲ. ಖಾಲಿ ಮೇಲ್ ತೆರೆದು ಬರೆದರೆ ಮಾತ್ರ ಇವು ಇರುವುದಿಲ್ಲ. ಸ್ವತಃ ನೋಡಬೇಕು ಅನ್ನಿಸಿದರೆ ಜಿಮೇಲ್‌ನಲ್ಲಿ ಮೇಲ್ ತೆರೆದು ಮೂರು ಚುಕ್ಕಿಯ ಮೆನುವಿನಿಂದ `Show original` ಆರಿಸಿ. ಥಂಡರ್‌ಬರ್ಡ್‌ನಲ್ಲಾದರೆ `Ctrl+U` ಒತ್ತಿದರೆ ಸಾಕು.

ಈಗ ಮುಖ್ಯ ಮಾತು. ಈ ಗುರುತುಗಳಿಗೆ ಎಷ್ಟು ಬೆಲೆ ಕೊಡಬೇಕು, ವಿಷಯದ ಸಾಲಿಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಒಂದೊಂದು ಮೇಲ್ ಪ್ರೋಗ್ರಾಂ ಒಂದೊಂದು ರೀತಿ ಲೆಕ್ಕ ಹಾಕುತ್ತದೆ.

ಜಿಮೇಲ್ ಎರಡನ್ನೂ ನೋಡುತ್ತದೆ. ವಿಷಯದ ಸಾಲು ಬದಲಾದರೆ ಅದನ್ನು ಹೊಸ ಸಂಭಾಷಣೆಯಾಗಿ ಒಡೆದು ಬೇರೆ ಇಡುತ್ತದೆ. ಮುಂದೆ ಸೇರುವ `Re:`, `Fwd:` ಲೆಕ್ಕಕ್ಕಿಲ್ಲ. ಔಟ್‌ಲುಕ್‌ನಲ್ಲೂ ಸಾಮಾನ್ಯವಾಗಿ ಸಾಲು ಬದಲಾದರೆ ಮೇಲ್ ಬೇರೆ ಗುಂಪಿಗೆ ಹೋಗುತ್ತದೆ, ಆವೃತ್ತಿಯಿಂದ ಆವೃತ್ತಿಗೆ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು. ಆದರೆ ಥಂಡರ್‌ಬರ್ಡ್‌ನಂಥ ಪ್ರೋಗ್ರಾಂಗಳು ಒಳಗಿನ ಗುರುತನ್ನೇ ನಂಬುತ್ತವೆ. ನೀವು ಸಾಲು ಬದಲಿಸಿದರೂ ಆ ಮೇಲ್ ಹಳೆ ಥ್ರೆಡ್‌ನ ಕೊಂಬೆಯಾಗಿಯೇ ನೇತಾಡುತ್ತದೆ. ಥ್ರೆಡ್ಡನ್ನು ಮಡಚಿಟ್ಟಿದ್ದರೆ ಪಟ್ಟಿಯಲ್ಲಿ ಕಾಣುವುದು ಎಲ್ಲಕ್ಕಿಂತ ಮೇಲಿನ ಹಳೆಯ ಸಾಲು ಮಾತ್ರ. ನೀವು ಕಷ್ಟಪಟ್ಟು ಬರೆದ ಹೊಸ ಸಾಲು ಅದರ ಹೊಟ್ಟೆಯಲ್ಲಿ ಅಡಗಿರುತ್ತದೆ.

ನಿಮ್ಮ ಮೇಲ್ ಓದುವ ಐದು ಜನ ಐದು ಬಗೆಯ ಪ್ರೋಗ್ರಾಂ ಬಳಸುತ್ತಿರಬಹುದು. ಸಂಭಾಷಣೆಯಾಗಿ ಗುಂಪು ಮಾಡುವ ಸೌಲಭ್ಯವನ್ನೇ ಆಫ್ ಮಾಡಿಕೊಂಡವರೂ ಇರುತ್ತಾರೆ, ಅವರಿಗೆ ಒಂದೊಂದು ಮೇಲ್ ಕೂಡ ಬಿಡಿ ಬಿಡಿಯಾಗಿಯೇ ಕಾಣುತ್ತದೆ. ಆದ್ದರಿಂದ "ಸಾಲು ಬದಲಿಸಿದೆ, ಬೇರೆ ಥ್ರೆಡ್ ಆಯಿತು" ಎಂದು ಲೆಕ್ಕ ಹಾಕುವುದು ಬೇಡ. ಸಾಲು ಬದಲಿಸಿದ ರಿಪ್ಲೈ ಕೆಲವರ ಬಳಿ ಹಳೆಯದಕ್ಕೆ ಅಂಟಿಕೊಂಡಿರುತ್ತದೆ, ಕೆಲವರ ಬಳಿ ಒಡೆದುಹೋಗಿರುತ್ತದೆ. ಎರಡೂ ಆದರೂ ಪರವಾಗಿಲ್ಲ ಅನ್ನುವಂಥ ಮಾತಿಗೆ ಮಾತ್ರ ಅದು ಸರಿ. ಖಚಿತವಾಗಿ ಬೇರೆಯಾಗಲೇಬೇಕು ಅಂದರೆ ಹೊಸ ಮೇಲೇ ಬೇಕು.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

"ವಿಷಯ ಬದಲಾಯಿತಾ?" ಎಂದು ಕೇಳಿಕೊಂಡರೆ ಉತ್ತರ ಸಿಗುವುದು ಕಷ್ಟ. ಮಾತು ಯಾವಾಗಲೂ ಸ್ವಲ್ಪ ಸ್ವಲ್ಪವೇ ಸರಿಯುತ್ತಾ ಹೋಗುತ್ತದೆ, ಇಂಥ ಕಡೆಯೇ ಬದಲಾಯಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಅದರ ಬದಲು ಹೀಗೆ ಕೇಳಿಕೊಳ್ಳಿ: ನಾನು ಈಗ ಬರೆಯುತ್ತಿರುವ ಮಾತಿನ ಉತ್ತರದಿಂದ ಹಳೆ ನಿರ್ಧಾರ ಬದಲಾಗಬಹುದಾ?

ಬದಲಾಗಬಹುದು ಅಂದರೆ ಸಾಲು ಮುಟ್ಟಬೇಡಿ. ಅದೇ ಥ್ರೆಡ್‌ನಲ್ಲೇ ಇರಿ. ದಿನಾಂಕ ನಿಗದಿಯಾಗಿದೆ, ಆದರೆ ಆ ದಿನ ಕೊಠಡಿಯೇ ಇಲ್ಲ ಅಂತಾದರೆ ಅದು ಕೊಠಡಿಯ ಮಾತಲ್ಲ, ದಿನಾಂಕದ್ದೇ ಮಾತು. ಹೊಸ ಸಾಲು ಹಾಕಿ ಒಡೆದರೆ ದಿನಾಂಕಕ್ಕಾಗಿ ಕಾಯುತ್ತಿರುವವರು "ಅದು ಮುಗಿಯಿತಲ್ಲ" ಎಂದು ನೆಮ್ಮದಿಯಾಗಿ ಇದ್ದುಬಿಡುತ್ತಾರೆ. ಪ್ರಯಾಣದ ಟಿಕೆಟ್ ತೆಗೆಸಿದ ಮೇಲೆ ಅವರಿಗೆ ವಿಷಯ ಗೊತ್ತಾಗುತ್ತದೆ.

ಬದಲಾಗುವುದಿಲ್ಲ ಅಂದರೆ ಎರಡನೇ ಪ್ರಶ್ನೆ: ಉತ್ತರ ಕೊಡುವವರು ಕೆಳಗಿನ ಹಳೆ ಮೇಲ್‌ಗಳನ್ನು ಓದಲೇಬೇಕಾ? ಓದಬೇಕು ಅಂದರೆ ರಿಪ್ಲೈ ಮಾಡಿ, ಸಾಲು ಬದಲಿಸಿ. ಹಳೆ ಮಾತೂ ಕೆಳಗೆ ಇರುತ್ತದೆ, ಮೇಲಿನ ಸಾಲೂ ಸರಿಯಾಗಿರುತ್ತದೆ. ಓದಬೇಕಿಲ್ಲ, ನಾನು ಎರಡು ಸಾಲಿನಲ್ಲಿ ಹಿನ್ನೆಲೆ ಹೇಳಿದರೆ ಸಾಕು ಅಂದರೆ ಹೊಸ ಮೇಲ್ ಬರೆಯಿರಿ.

ಮೂರನೆಯದು ಪ್ರಶ್ನೆ ಅನ್ನುವುದಕ್ಕಿಂತ ತಡೆ. ಓದಬೇಕಾದ ಜನ ಬದಲಾಗಿದ್ದಾರಾ? ಹೊಸದಾಗಿ ಒಬ್ಬರು ಸೇರುತ್ತಿದ್ದರೆ, ಕೆಳಗಿನ ಹಳೆ ಮಾತು ಪೂರ್ತಿ ಅವರ ಕೈಗೆ ಹೋಗುತ್ತದೆ. ಹಳಬರಲ್ಲಿ ಕೆಲವರು ಬೇಡವಾಗಿದ್ದರೆ, ರಿಪ್ಲೈ ಆಲ್ ಅವರನ್ನೂ ಎಳೆದುಕೊಂಡು ಬರುತ್ತದೆ. ಹಣ, ಆರೋಗ್ಯ, ಒಬ್ಬರ ಕೆಲಸದ ಬಗೆಗಿನ ಅಭಿಪ್ರಾಯ, ಇಂಥ ಯಾವುದೇ ಮಾತು ಬಂದರೆ ಮೊದಲ ಎರಡು ಪ್ರಶ್ನೆಗಳ ಉತ್ತರ ಏನೇ ಇರಲಿ, ಹೊಸ ಮೇಲ್ ಬರೆಯಿರಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಉದ್ದದ ಥ್ರೆಡ್‌ನ ಬಾಲದಲ್ಲಿ ಏನೇನು ಅಂಟಿಕೊಂಡಿದೆ ಎಂದು ಕಳಿಸುವ ಮುಂಚೆ ಪೂರ್ತಿ ಓದುವವರು ತೀರಾ ಕಡಿಮೆ.

ಒಂದು ಥ್ರೆಡ್, ಮೇಲ್ ಮೇಲ್ ಆಗಿ

ಮೇಲೆ ಹೇಳಿದ ತರಬೇತಿಯ ಥ್ರೆಡ್ಡನ್ನೇ ತೆಗೆದುಕೊಳ್ಳೋಣ. ನೀವು ಆಯೋಜಕರು. ತರಬೇತುದಾರರು, ಇಬ್ಬರು ಸಹೋದ್ಯೋಗಿಗಳು, ಕೊಠಡಿಗಳ ಉಸ್ತುವಾರಿ ನೋಡುವವರು, ಹೀಗೆ ನಿಮ್ಮನ್ನೂ ಸೇರಿಸಿ ಐದು ಜನ ಇದರಲ್ಲಿದ್ದೀರಿ. ಏಳನೇ ಮೇಲ್‌ನಲ್ಲಿ "ಹಾಗಾದರೆ 18ನೇ ತಾರೀಖು" ಎಂದು ಒಪ್ಪಿಗೆಯಾಯಿತು.

ಎಂಟನೇ ಮೇಲ್ ತರಬೇತುದಾರರದ್ದು. "18 ಆಗಬಹುದು. ಆದರೆ ಬೆಳಿಗ್ಗೆ ಬೇಡ, ಮಧ್ಯಾಹ್ನ ಇಟ್ಟುಕೊಳ್ಳೋಣವಾ?" ಇದು ದಿನಾಂಕದ ಮಾತಿನ ಮುಂದುವರಿಕೆಯೇ. ಮಧ್ಯಾಹ್ನ ಸಹೋದ್ಯೋಗಿಗಳಿಗೆ ಆಗದಿದ್ದರೆ 18 ಅನ್ನುವುದೇ ಬಿದ್ದುಹೋಗಬಹುದು. ಹಾಗಾಗಿ ಸಾಲು ಹಾಗೇ ಇರಲಿ. "ದಿನಾಂಕ" ಅಂತಿದೆ, "ಸಮಯ" ಅಂತಿಲ್ಲ ಎಂದು ತಿದ್ದಲು ಹೋಗಬೇಡಿ. ಅಷ್ಟು ಸಣ್ಣ ತಿದ್ದುಪಡಿಗೂ ಜಿಮೇಲ್ ಥ್ರೆಡ್ ಒಡೆಯುತ್ತದೆ, ಸಿಗುವ ಲಾಭ ಏನೂ ಇಲ್ಲ.

ಒಂಬತ್ತನೆಯದು ಕೊಠಡಿಯ ಉಸ್ತುವಾರಿಯವರದ್ದು. "18ಕ್ಕೆ ದೊಡ್ಡ ಕೊಠಡಿ ಇಲ್ಲ. ಸಣ್ಣದು ಇದೆ, 20 ಜನ ಕೂರಬಹುದು." ಇಲ್ಲಿ ಸ್ವಲ್ಪ ನಿಲ್ಲಬೇಕು. 20 ಜನಕ್ಕೆ ಸಾಲುತ್ತದಾ ಇಲ್ಲವಾ ಎಂದು ಗೊತ್ತಾಗುವವರೆಗೆ 18 ಖಚಿತವಲ್ಲ. ಹಾಗಾಗಿ ನಿಮ್ಮ ಮೊದಲ ಉತ್ತರ ಹಳೆ ಸಾಲಿನಡಿಯೇ ಹೋಗಬೇಕು: "ನಾವು 17 ಜನ. ಸಣ್ಣ ಕೊಠಡಿ ಸಾಕು. ದಿನಾಂಕ 18, ಮಧ್ಯಾಹ್ನ 2 ಗಂಟೆ, ಬದಲಾವಣೆ ಇಲ್ಲ." ಈ ಸಾಲು ದಿನಾಂಕದ ಥ್ರೆಡ್‌ಗೆ ಬಾಗಿಲು ಹಾಕುತ್ತದೆ.

ಇದಾದ ಮೇಲೆ ಉಳಿಯುವುದು ಕುರ್ಚಿ ಹೇಗೆ ಹಾಕಬೇಕು, ಪ್ರೊಜೆಕ್ಟರ್ ಇದೆಯಾ, ಬೀಗದ ಕೈ ಯಾರ ಬಳಿ ಅನ್ನುವ ಮಾತುಗಳು. ದಿನಾಂಕ ಇವುಗಳಿಂದ ಬದಲಾಗುವುದಿಲ್ಲ. ಆದರೆ ಎಷ್ಟು ಜನ, ಎಷ್ಟು ಗಂಟೆಗೆ, ಯಾವ ಕೊಠಡಿ ಎಂಬುದೆಲ್ಲ ಕೆಳಗಿನ ಮೇಲ್‌ಗಳಲ್ಲೇ ಇದೆ. ಓದಬೇಕಾದವರೂ ಹೆಚ್ಚುಕಮ್ಮಿ ಅವರೇ. ಸಾಲು ಬದಲಿಸಲು ಇದು ಸರಿಯಾದ ಜಾಗ. ರಿಪ್ಲೈ ಒತ್ತಿ, "18ರ ತರಬೇತಿ: ಕೊಠಡಿ ವ್ಯವಸ್ಥೆ" ಎಂದು ಬರೆದು ಮುಂದುವರಿಸಿ. "ತರಬೇತಿ" ಎಂಬ ಪದ ಎರಡೂ ಸಾಲುಗಳಲ್ಲಿ ಇದೆ ನೋಡಿ. ಆ ಒಂದು ಪದ ಉಳಿಸಿಕೊಂಡರೆ ಮುಂದೆ ಹುಡುಕಿದಾಗ ಎರಡೂ ಥ್ರೆಡ್ ಒಟ್ಟಿಗೆ ಸಿಗುತ್ತವೆ.

ಹತ್ತನೆಯದರಲ್ಲಿ ತರಬೇತುದಾರರು ಶುಲ್ಕ ಕೇಳಿದ್ದಾರೆ, ಬ್ಯಾಂಕ್ ಖಾತೆಯ ವಿವರ ಎಲ್ಲಿಗೆ ಕಳಿಸಲಿ ಎಂದೂ ಕೇಳಿದ್ದಾರೆ, ಅದೂ ಎಲ್ಲರಿಗೂ ರಿಪ್ಲೈ ಆಲ್ ಮಾಡಿ. ಇದಕ್ಕೆ ಈ ಥ್ರೆಡ್‌ನಲ್ಲಿ ಉತ್ತರ ಕೊಡಬೇಡಿ, ಸಾಲು ಬದಲಿಸಿಯೂ ಕೊಡಬೇಡಿ. ಲೆಕ್ಕ ನೋಡುವವರು ಈ ಥ್ರೆಡ್‌ನಲ್ಲೇ ಇಲ್ಲ. ದಿನಾಂಕ ಯಾಕೆ ಮೂರು ಸಲ ಮುಂದೆ ಹೋಯಿತು ಎಂಬ ಚರ್ಚೆ ಅವರಿಗೆ ಬೇಡ. ಇನ್ನಿಬ್ಬರು ಸಹೋದ್ಯೋಗಿಗಳಿಗೆ ಶುಲ್ಕ ಎಷ್ಟು ಎಂದು ಗೊತ್ತಾಗಬೇಕಿಲ್ಲ. ಖಾಲಿ ಮೇಲ್ ತೆರೆಯಿರಿ, ತರಬೇತುದಾರರು ಮತ್ತು ಲೆಕ್ಕ ನೋಡುವವರು ಇಬ್ಬರಿಗೇ ಹಾಕಿ:

"ವಿಷಯ: 18ರ ತರಬೇತಿ: ಶುಲ್ಕ ಪಾವತಿ. ನಮಸ್ಕಾರ. 18ರಂದು ಮಧ್ಯಾಹ್ನ 2ಕ್ಕೆ ತರಬೇತಿ ನಿಗದಿಯಾಗಿದೆ. ಶುಲ್ಕದ ಮಾತು ಇಲ್ಲಿ ಮುಂದುವರಿಸೋಣ. ಪಾವತಿಗೆ ಬೇಕಾದ ವಿವರಗಳ ಪಟ್ಟಿಯನ್ನು ಲೆಕ್ಕ ವಿಭಾಗದವರು ಕಳಿಸುತ್ತಾರೆ."

ಹಳೆ ಥ್ರೆಡ್‌ನಲ್ಲಿ ಒಂದೇ ಸಾಲು ಹಾಕಿದರೆ ಸಾಕು: "ಶುಲ್ಕದ ಬಗ್ಗೆ ಬೇರೆ ಮೇಲ್ ಮಾಡಿದ್ದೇನೆ." ಯಾರಿಗೆ, ಏನು ಎಂದು ಹೇಳಬೇಕಿಲ್ಲ. ಈ ಸಾಲು ಇಲ್ಲದಿದ್ದರೆ ಪ್ರಶ್ನೆಗೆ ಉತ್ತರವೇ ಬರಲಿಲ್ಲ ಎಂದುಕೊಂಡು ಬೇರೊಬ್ಬರು ಒಳ್ಳೆ ಮನಸ್ಸಿನಿಂದಲೇ ಎಲ್ಲರ ಮುಂದೆ ಉತ್ತರ ಕೊಟ್ಟುಬಿಡುತ್ತಾರೆ.

ಹನ್ನೊಂದನೆಯದು ಸಹೋದ್ಯೋಗಿಯದ್ದು: "ಅಂದಹಾಗೆ, ಮುಂದಿನ ವರದಿ ಯಾವಾಗ ಕೊಡಬೇಕು?" ಇದಕ್ಕೂ ತರಬೇತಿಗೂ ಸಂಬಂಧವೇ ಇಲ್ಲ. ಅವರೊಬ್ಬರಿಗೇ ಹೊಸ ಮೇಲ್ ಬರೆದು ಉತ್ತರಿಸಿ, ಮುಗಿಯಿತು.

ಸಾಲು ಬದಲಿಸುವ ಕ್ರಮ

ಜಿಮೇಲ್‌ನಲ್ಲಿ ಕಂಪ್ಯೂಟರ್‌ನಿಂದ ರಿಪ್ಲೈ ಒತ್ತಿದರೆ ವಿಷಯದ ಸಾಲು ಕಾಣುವುದೇ ಇಲ್ಲ. ಎಷ್ಟೋ ಜನ ಸಾಲು ಬದಲಿಸದೇ ಇರುವುದಕ್ಕೆ ಇದೇ ಕಾರಣ ಅನ್ನಿಸುತ್ತದೆ. ರಿಪ್ಲೈ ಪೆಟ್ಟಿಗೆಯಲ್ಲಿ, ಯಾರಿಗೆ ಎಂಬ ಹೆಸರಿನ ಪಕ್ಕದಲ್ಲೇ ಒಂದು ಸಣ್ಣ ಬಾಣದ ಗುರುತು ಇರುತ್ತದೆ. ಅದನ್ನು ಒತ್ತಿ `Edit subject` ಆರಿಸಿದರೆ ಬೇರೆ ಕಿಟಕಿ ತೆರೆದು ಸಾಲು ಕಾಣುತ್ತದೆ. ಫೋನಿನ ಆ್ಯಪ್‌ನಲ್ಲಿ ರಿಪ್ಲೈ ಪೂರ್ತಿ ಪರದೆಗೆ ತೆರೆದಾಗ ಸಾಲು ಅಲ್ಲೇ ಇರುತ್ತದೆ, ಮುಟ್ಟಿ ತಿದ್ದಬಹುದು.

ಸಾಲು ತಿದ್ದುವಾಗ ಮುಂದಿನ `Re:` ಅನ್ನೂ ತೆಗೆದುಬಿಡಿ. ಹೊಸ ಮಾತಿಗೆ ಅದು ಇನ್ನೂ ಉತ್ತರವಲ್ಲ, ಅಲ್ವಾ? ಮುಂದಿನವರು ರಿಪ್ಲೈ ಮಾಡಿದಾಗ ತಾನಾಗಿಯೇ ಸೇರಿಕೊಳ್ಳುತ್ತದೆ.

ಹಳೆ ಸಾಲನ್ನು ಕಂಸದೊಳಗೆ ಇಡುವ ಪದ್ಧತಿಯೊಂದಿದೆ. "ಕೊಠಡಿ ವ್ಯವಸ್ಥೆ (ಹಿಂದೆ: ತರಬೇತಿ ದಿನಾಂಕ)" ಎನ್ನುವ ಥರ. ಯೂಸ್‌ನೆಟ್ ಎಂಬ ಹಳೆಯ ಆನ್‌ಲೈನ್ ಚರ್ಚಾ ಗುಂಪುಗಳ ಕಾಲದಿಂದ ಬಂದ ಒಳ್ಳೆ ಅಭ್ಯಾಸ ಅದು. ಮಾತು ಎಲ್ಲಿಂದ ಕವಲೊಡೆಯಿತು ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಮುಂದಿನ ರಿಪ್ಲೈ ಮಾಡುವವರು ಆ ಕಂಸವನ್ನು ತೆಗೆದುಹಾಕಬೇಕು ಎನ್ನುವುದೂ ಆ ಪದ್ಧತಿಯ ಭಾಗವೇ. ಆದರೆ ಇಲ್ಲೇ ತೊಡಕು. ಒಳಗಿನ ಗುರುತನ್ನು ನಂಬುವ ಪ್ರೋಗ್ರಾಂಗಳಲ್ಲಿ ಕಂಸ ತೆಗೆದರೂ ಏನೂ ಆಗುವುದಿಲ್ಲ. ಜಿಮೇಲ್‌ನಲ್ಲಿ ಕಂಸ ತೆಗೆದ ಕೂಡಲೇ ಅದು ಇನ್ನೊಂದು ಸಲ ಸಾಲು ಬದಲಿಸಿದಂತೆ! ಥ್ರೆಡ್ ಮತ್ತೆ ಒಡೆಯುತ್ತದೆ. ಒಬ್ಬರು ಕಂಸ ಇಟ್ಟುಕೊಂಡು, ಇನ್ನೊಬ್ಬರು ತೆಗೆದು ಬರೆಯುತ್ತಾ ಹೋದರೆ ಒಂದೇ ಮಾತು ಎರಡು ಕಡೆ ನಡೆಯುತ್ತದೆ. ಆದ್ದರಿಂದ ಓದುವವರಲ್ಲಿ ಜಿಮೇಲ್‌ನವರು ಇದ್ದರೆ ಹಳೆ ಸಾಲನ್ನು ವಿಷಯದಲ್ಲಿ ಇಡಬೇಡಿ, ಮೇಲ್‌ನ ಮೊದಲ ಸಾಲಿನಲ್ಲಿ ಬರೆಯಿರಿ:

"'ತರಬೇತಿ: ದಿನಾಂಕ ಯಾವುದು?' ಥ್ರೆಡ್‌ನಿಂದ ಇಲ್ಲಿಗೆ ಬಂದಿದ್ದೇವೆ. ದಿನಾಂಕ 18, ಮಧ್ಯಾಹ್ನ 2, ಸಣ್ಣ ಕೊಠಡಿ, 17 ಜನ. ಇನ್ನು ಕೊಠಡಿ ವ್ಯವಸ್ಥೆಯ ಮಾತು ಮಾತ್ರ."

ಈ ಮೊದಲ ಸಾಲು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಥ್ರೆಡ್ ಒಡೆಯದೆ ಹಳೆಯದಕ್ಕೇ ಅಂಟಿಕೊಂಡವರಿಗೂ ಮಾತು ಬದಲಾಗಿದೆ ಎಂದು ಕಣ್ಣಿಗೆ ಬೀಳುತ್ತದೆ.

ಆಮೇಲೆ ಕೆಳಗಿನ ಬಾಲ. ಕೊಠಡಿಗೆ ಬೇಕಾದ ಎರಡೋ ಮೂರೋ ಮೇಲ್ ಇಟ್ಟುಕೊಂಡು ಉಳಿದದ್ದನ್ನು ಅಳಿಸಿ. ಜಿಮೇಲ್ ಹಳೆ ಮಾತನ್ನು ಮೂರು ಚುಕ್ಕಿಯ ಹಿಂದೆ ಅಡಗಿಸಿಟ್ಟಿರುತ್ತದೆ, ಅದನ್ನು ಒತ್ತಿ ಬಿಚ್ಚಿದರೆ ಅಳಿಸಬಹುದು. ಕೊನೆಗೆ ಸಿಸಿ ಪಟ್ಟಿ ನೋಡಿ. ಕೊಠಡಿಯ ಮಾತು ಯಾರಿಗೆ ಬೇಡವೋ ಅವರನ್ನು ಬಿಡಿ.

ಕಳಿಸಿದ ಮೇಲೆ ಹಳೆ ಥ್ರೆಡ್‌ಗೆ ಮತ್ತೆ ಹೋಗಿ ಮುಚ್ಚುವ ಮಾತು ಬರೆಯಬೇಕಾ? ಎಲ್ಲರೂ ಹೊಸದರಲ್ಲೂ ಇದ್ದರೆ ಬೇಡ, ಸುಮ್ನೆ ಇನ್ನೊಂದು ಮೇಲ್ ಆಗುತ್ತದೆ. ಯಾರನ್ನಾದರೂ ಬಿಟ್ಟಿದ್ದರೆ ಬೇಕು. ಅವರಿಗೆ ದಿನಾಂಕ ಖಚಿತವಾಯಿತು ಎಂದು ತಿಳಿಸಿಯೇ ಬಿಡಬೇಕು.

ಹೊಸ ಮೇಲ್ ಅಂದರೆ ನಿಜಕ್ಕೂ ಹೊಸದು

ತುಂಬಾ ಜನ ಹೊಸ ಮೇಲ್ ಹೀಗೆ ಬರೆಯುತ್ತಾರೆ. ಅವರಿಗೆ ಬೇಕಾದ ಐದು ವಿಳಾಸಗಳಿರುವ ಹಳೆ ಮೇಲ್ ಹುಡುಕುತ್ತಾರೆ. ರಿಪ್ಲೈ ಆಲ್ ಒತ್ತುತ್ತಾರೆ. ಸಾಲನ್ನೂ ಒಳಗಿನ ಮಾತನ್ನೂ ಪೂರ್ತಿ ಅಳಿಸುತ್ತಾರೆ. ಹೊಸ ಮಾತು ಬರೆದು ಕಳಿಸುತ್ತಾರೆ. ಬರೆದವರ ಕಣ್ಣಿಗೆ ಅದು ಹೊಸ ಮೇಲ್. ಆದರೆ `References` ಸಾಲು ಹೋಗಿಲ್ಲ, ನೆನಪಿದೆಯಲ್ಲ?

ಇದರಿಂದ ಆಗುವ ಕೆಟ್ಟ ಪರಿಣಾಮ ಒಂದಿದೆ. ಓದುವವರಲ್ಲಿ ಯಾರೋ ಆ ಹಳೆ ಥ್ರೆಡ್ಡಿಂದ ಬೇಸತ್ತು ಅದನ್ನು ಕಣ್ಣಿಗೆ ಬೀಳದಂತೆ ಮಾಡಿರಬಹುದು. ಥಂಡರ್‌ಬರ್ಡ್‌ನಲ್ಲಿ ಥ್ರೆಡ್ ಕಡೆಗಣಿಸುವ ಸೌಲಭ್ಯ ಇದೆ. ಜಿಮೇಲ್‌ನಲ್ಲಿ `Mute` ಇದೆ. ಔಟ್‌ಲುಕ್‌ನಲ್ಲಿ `Ignore` ಇದೆ, ಅದು ಆ ಸಂಭಾಷಣೆಗೆ ಮುಂದೆ ಬರುವ ಮೇಲ್‌ಗಳನ್ನೂ ಸೀದಾ ಅಳಿಸಿದ ಮೇಲ್‌ಗಳ ಫೋಲ್ಡರ್‌ಗೆ ಹಾಕುತ್ತದೆ. ಪ್ರೋಗ್ರಾಂ ನಿಮ್ಮ ಹೊಸ ಮೇಲ್ಲನ್ನು ಹಳೆ ಥ್ರೆಡ್‌ನದ್ದೇ ಎಂದು ಎಣಿಸಿದರೆ ಅದೂ ಅಲ್ಲಿಗೇ ಹೋಗುತ್ತದೆ. ನಿಮಗೆ ಯಾವ ಎಚ್ಚರಿಕೆಯೂ ಬರುವುದಿಲ್ಲ, ಅವರಿಗೂ ಬರುವುದಿಲ್ಲ. "ಮೇಲ್ ಕಳಿಸಿದ್ದೆನಲ್ಲ", "ಬಂದೇ ಇಲ್ಲ" ಎಂಬ ಜಗಳದಲ್ಲಿ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ವಿಳಾಸಗಳೇ ಬೇಕು ಅಂದರೆ ಹಳೆ ಮೇಲ್‌ನಿಂದ ಕಾಪಿ ಮಾಡಿ ಖಾಲಿ ಮೇಲ್‌ಗೆ ಹಾಕಿಕೊಳ್ಳಿ. ಪದೇ ಪದೇ ಬರೆಯುವ ಜನರಾದರೆ ಒಂದು ಗುಂಪು ಮಾಡಿಟ್ಟುಕೊಳ್ಳಿ.

ಹೊಸ ಮೇಲ್‌ನಲ್ಲಿ ಹಿನ್ನೆಲೆ ಎಷ್ಟು ಬೇಕು? ಹಳೆ ಥ್ರೆಡ್ ನೋಡದವರೂ ಉತ್ತರ ಕೊಡಬಹುದಾದಷ್ಟು. ಬರೆದು ಮುಗಿಸಿ, ಹಳೆಯದನ್ನು ಓದದವರ ಕಣ್ಣಿನಿಂದ ಒಮ್ಮೆ ಓದಿ. "ಅವತ್ತು ಹೇಳಿದ ಹಾಗೆ", "ಮೇಲಿನ ಪಟ್ಟಿಯಲ್ಲಿರುವಂತೆ" ಅನ್ನುವ ಮಾತುಗಳು ನುಸುಳಿದ್ದರೆ ಅವನ್ನು ಬಿಡಿಸಿ ಬರೆಯಿರಿ. ಹೊಸ ಮೇಲ್‌ನಲ್ಲಿ ಅವುಗಳ ಮೇಲೆ ಏನೂ ಇರುವುದಿಲ್ಲ. ಹಿನ್ನೆಲೆ ಐದಾರು ಸಾಲಿಗಿಂತ ಉದ್ದವಾಗುತ್ತಿದೆ ಅಂದರೆ ನಿಮ್ಮ ನಿರ್ಧಾರವನ್ನೇ ಇನ್ನೊಮ್ಮೆ ನೋಡಿ. ಬಹುಶಃ ಅದು ಸಾಲು ಬದಲಿಸಿ ಮುಂದುವರಿಸಬೇಕಾದ ಮಾತು.

ಫೈಲುಗಳ ಬಗ್ಗೆ ಒಂದು ಮಾತು. ರಿಪ್ಲೈ ಮಾಡಿದರೆ ಹಳೆ ಅಟ್ಯಾಚ್‌ಮೆಂಟ್‌ಗಳು ಜೊತೆಗೆ ಬರುವುದಿಲ್ಲ, ಫಾರ್ವರ್ಡ್ ಮಾಡಿದರೆ ಬರುತ್ತವೆ. ಹಳೆ ಮೇಲ್ಲನ್ನೇ ಸಾಕ್ಷಿಯಾಗಿ ತೋರಿಸಬೇಕಿದ್ದರೆ, ಜಿಮೇಲ್‌ನಲ್ಲಿ `Forward as attachment` ಇದೆ. ಆ ಒಂದು ಮೇಲ್ ಮಾತ್ರ ಫೈಲಾಗಿ ಹೊಸ ಮೇಲ್‌ಗೆ ಅಂಟಿಕೊಂಡು ಹೋಗುತ್ತದೆ. ಅದನ್ನೂ ಮೊದಲು ತೆರೆದು ನೋಡಿ, ಅದರ ಕೆಳಗೂ ಹಳೆ ಮಾತುಗಳು ಇರಬಹುದು.

ಸಾಲನ್ನು ಮುಟ್ಟಬಾರದ ಕಡೆ

ಸಹಾಯ ಕೇಂದ್ರಗಳು, ದೂರು ವಿಭಾಗಗಳು ಕಳಿಸುವ ಮೇಲ್‌ಗಳ ಸಾಲಿನಲ್ಲಿ `[#48213]` ಎನ್ನುವಂಥ ಸಂಖ್ಯೆ ಇರುತ್ತದೆ. ನಿಮ್ಮ ಉತ್ತರ ಯಾವ ದೂರಿಗೆ ಸೇರಬೇಕು ಎಂದು ಅಲ್ಲಿನ ವ್ಯವಸ್ಥೆ ಹಲವು ಸಲ ಈ ಸಂಖ್ಯೆ ನೋಡಿಯೇ ತಿಳಿಯುತ್ತದೆ. ಸಾಲು ಚೆನ್ನಾಗಿಲ್ಲ ಎಂದು ಇದನ್ನು ಅಳಿಸಿದರೆ ನಿಮ್ಮ ಉತ್ತರ ಹೊಸ ದೂರಾಗಿ ಸರದಿಯ ಕೊನೆಗೆ ಹೋಗಿ ನಿಲ್ಲಬಹುದು. ಸಂಖ್ಯೆ ಇದ್ದರೆ ಹಾಗೇ ಬಿಡಿ. ಅದೇ ರೀತಿ, ಬೇರೆ ತೊಂದರೆ ಹೇಳಿಕೊಳ್ಳಲು ಹಳೆ ಸಂಖ್ಯೆಯ ಮೇಲ್‌ಗೆ ರಿಪ್ಲೈ ಮಾಡಬೇಡಿ. ಮುಗಿದ ದೂರಿನೊಳಗೆ ಹೊಸ ದೂರು ಹೂತುಹೋಗುತ್ತದೆ.

ಇನ್ನೊಂದು, ಸಾಲಿನ ಮುಂದೆ "ತುರ್ತು" ಅಂತಲೋ "ಮುಗಿದಿದೆ" ಅಂತಲೋ ಸೇರಿಸುವುದು. ಮಾತು ಅದೇ, ಜನ ಅವರೇ, ಬರೀ ಗಮನ ಸೆಳೆಯಬೇಕು. ಜಿಮೇಲ್‌ನವರ ಬಳಿ ಈ ಒಂದು ಪದವೇ ಥ್ರೆಡ್ ಒಡೆಯುತ್ತದೆ. ತುರ್ತು ಎಂದು ತೆರೆದವರಿಗೆ ಹಿಂದಿನ ಮೇಲ್‌ಗಳು ಅಲ್ಲಿ ಕಾಣುವುದಿಲ್ಲ. ತುರ್ತಿದ್ದರೆ ಮೇಲ್‌ನ ಮೊದಲ ಸಾಲಿನಲ್ಲಿ ಯಾರಿಂದ, ಏನು, ಯಾವಾಗಿನೊಳಗೆ ಬೇಕು ಎಂದು ಬರೆಯಿರಿ. ತೀರಾ ತುರ್ತಾದರೆ ಫೋನ್ ಮಾಡಿ.

ಒಡೆದ ಥ್ರೆಡ್ ಎರಡು ಕಡೆ ನಡೆಯುತ್ತಿದ್ದರೆ

ಸಾಲು ಬದಲಿಸಿದ ಮೇಲೆ ಸಾಮಾನ್ಯವಾಗಿ ಎದುರಾಗುವ ತೊಂದರೆ ಇದು. ನೀವು "ಕೊಠಡಿ ವ್ಯವಸ್ಥೆ" ಎಂದು ಹೊಸ ಸಾಲು ಹಾಕಿದಿರಿ. ಆದರೆ ಒಬ್ಬರು ಹಳೆಯ ಒಂಬತ್ತನೇ ಮೇಲ್ ತೆರೆದು ಅದಕ್ಕೇ ರಿಪ್ಲೈ ಮಾಡಿದರು. ಈಗ ಪ್ರೊಜೆಕ್ಟರ್ ಬಗ್ಗೆ ಎರಡು ಕಡೆ ಎರಡು ಉತ್ತರ ಬಂದಿದೆ. ಗುರುತಿಸುವುದು ಸುಲಭ: ಯಾರೋ ಒಬ್ಬರು ಆಗಲೇ ಉತ್ತರ ಸಿಕ್ಕ ಪ್ರಶ್ನೆಯನ್ನೇ ಮತ್ತೆ ಕೇಳುತ್ತಾರೆ.

ಜಿಮೇಲ್‌ನಲ್ಲಿ ಎರಡು ಸಂಭಾಷಣೆಗಳನ್ನು ಕೈಯಿಂದ ಸೇರಿಸಲು ಆಗುವುದಿಲ್ಲ. ಹಾಗಾಗಿ ಒಂದನ್ನು ಉಳಿಸಿ ಇನ್ನೊಂದನ್ನು ಮುಚ್ಚಬೇಕು. ಯಾವುದನ್ನು ಉಳಿಸಬೇಕು? ಹೊಸ ಸಾಲಿನದ್ದನ್ನು ಎಂದು ಹಟ ಹಿಡಿಯಬೇಡಿ. ಹೆಚ್ಚು ಜನ ಯಾವುದರಲ್ಲಿ ಮಾತಾಡುತ್ತಿದ್ದಾರೋ ಅದನ್ನೇ ಉಳಿಸಿ. ಇನ್ನೊಂದು ಕಡೆ ಬಂದ ಉತ್ತರವನ್ನು ಇಲ್ಲಿಗೆ ನಕಲು ಮಾಡಿ ಹಾಕಿ, ಯಾರು ಹೇಳಿದ್ದು ಎಂದೂ ಬರೆಯಿರಿ. ಮುಚ್ಚುವ ಕಡೆ, ಅದರ ಕೊನೆಯ ಮೇಲ್‌ಗೆ ರಿಪ್ಲೈ ಮಾಡಿ "ಇದರ ಉತ್ತರ 'ಕೊಠಡಿ ವ್ಯವಸ್ಥೆ' ಮೇಲ್‌ನಲ್ಲಿದೆ, ಮುಂದೆ ಅಲ್ಲಿಯೇ ಬರೆಯೋಣ" ಎಂದು ಹೇಳಿ. ಕೊನೆಯ ಮೇಲ್‌ಗೇ ಯಾಕೆ ಅಂದರೆ, ಜನ ಸಾಮಾನ್ಯವಾಗಿ ಅದನ್ನೇ ತೆರೆದು ರಿಪ್ಲೈ ಮಾಡುತ್ತಾರೆ.

ಮಾತನ್ನು ತಿರುಗಿಸಿದವರು ನಿಮಗಿಂತ ಹಿರಿಯರಾಗಿದ್ದರೆ ಒಡೆಯಲು ಸಂಕೋಚ ಆಗುವುದು ಸಹಜ. "ಇದು ಈ ಥ್ರೆಡ್‌ನ ವಿಷಯವಲ್ಲ" ಎಂದು ಎಲ್ಲರ ಮುಂದೆ ಹೇಳುವ ಅಗತ್ಯವೇ ಇಲ್ಲ. ಅವರ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಹೊಸ ಮೇಲ್‌ನ ಮೊದಲಿಗೆ ಇಟ್ಟು, ಕೆಳಗೆ ನಿಮ್ಮ ಉತ್ತರ ಬರೆದು ಕಳಿಸಿ. ಹಳೆಯದರಲ್ಲಿ "ಸರ್, ನೀವು ಕೇಳಿದ್ದಕ್ಕೆ ಬೇರೆ ಮೇಲ್‌ನಲ್ಲಿ ಉತ್ತರಿಸಿದ್ದೇನೆ, ಹುಡುಕಲು ಸುಲಭವಾಗಲಿ ಅಂತ" ಎಂದರೆ ಸಾಕು. ಉತ್ತರ ಆಗಲೇ ಸಿಕ್ಕಿರುವುದರಿಂದ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರು ಹೊಸ ಮೇಲ್‌ಗೇ ರಿಪ್ಲೈ ಮಾಡಿದರೆ ಕೆಲಸ ಆಯಿತು. ಮತ್ತೆ ಹಳೆಯದಕ್ಕೇ ಬರೆದರೆ ಆ ಸಲ ಬಿಟ್ಟುಬಿಡಿ, ಅಲ್ಲೇ ಉತ್ತರಿಸಿ, ಒಂದು ಪ್ರತಿಯನ್ನು ಮಾತ್ರ ಸರಿಯಾದ ಥ್ರೆಡ್‌ಗೆ ಸೇರಿಸಿಡಿ.